ಬಟಾಣಿ ಬೇಳೆಯ ಹೋಳಿಗೆ

ಅವ್ವ ಬರೆದು ಕಳಿಸಿದ ಹೋಳಿಗೆ ಚೀಟಿಯಲ್ಲಿ ಕಡಲೆ ಬೇಳೆಯೂ ಇಲ್ಲ, ಬೆಲ್ಲವೂ ಇಲ್ಲ. ಲಗ್ನಪತ್ರಿಕೆಯೊಂದರ ಖಾಲಿ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಬರೆದ ಹದಿನೇಳು ಸಾಲು ಅದು. ಮೊದಲ ಸಾಲು ಹೀಗಿದೆ: "ಬಟಾಣಿ ಬ್ಯಾಳಿ ಒಂದು ವಾಟಿ. ತೂಕ 200 ಗ್ರಾಂ. ಕುಕ್ಕರಿನಾಗ ಇಡಬ್ಯಾಡ." ಆಳಂದದಲ್ಲಿ ಯಾರಿಗಾದರೂ ಈ ಸಾಲನ್ನು ತೋರಿಸಿದರೆ ಬರೆದವರಿಗೆ ಹೋಳಿಗೆ ಮಾಡಲು ಬರುವುದಿಲ್ಲ ಎಂದೇ ತಿಳಿದಾರು. ನಮ್ಮ ಕಡೆ ಬಟಾಣಿ ಬೇಳೆ ಎಂದರೆ ಕಡಲೆ ಬೇಳೆಯೊಳಗೆ ಕಳ್ಳತನದಿಂದ ಬೆರೆಸುವ ವಸ್ತು. ಕಿರಾಣಿ ಅಂಗಡಿಯಿಂದ ತಂದ ಬೇಳೆಯನ್ನು ಅಂಗೈ ಮೇಲೆ ಹರಡಿ, ನುಣ್ಣಗೆ, ದುಂಡಗೆ, ತುಸು ಹೊಳಪಾಗಿ ಕಾಣುವ ಕಾಳನ್ನು ಎತ್ತಿ ತೋರಿಸಿ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವಳು ಇದೇ ಅವ್ವ.

ಅದನ್ನೇ ಅವಳು ನನ್ನ ಹಬ್ಬಕ್ಕೆ ಬರೆದುಕೊಟ್ಟಿದ್ದಕ್ಕೆ ಕಾರಣವಿತ್ತು. ನಾನು ಸಂಶೋಧನೆಗೆಂದು ಬಂದಿರುವ ಜರ್ಮನಿಯ ವುರ್ಜ್‌ಬುರ್ಗ್ ಊರಿನ ಏಷ್ಯನ್ ಅಂಗಡಿಯಲ್ಲಿ ಆ ವಾರ ಕಡಲೆ ಬೇಳೆ ಮುಗಿದಿತ್ತು. 2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಭಾನುವಾರ ಇಲ್ಲಿ ಅಂಗಡಿಗಳು ತೆರೆಯುವುದಿಲ್ಲ. ಹಾಗಾಗಿ ಬೇಕಾದದ್ದೆಲ್ಲ ಶನಿವಾರ ಸಂಜೆಯೊಳಗೆ ಮನೆಯಲ್ಲಿರಬೇಕು. "ಎಲ್ಲಿಂದರೆ ತರಸ್ಕೋ" ಎಂದು ಅವ್ವ ಹೇಳಲಿಲ್ಲ. "ನಿನ್ನ ಮನಿ ಬಾಜೂ ಅಂಗಡ್ಯಾಗ ಏನೇನದ, ಫೋಟೋ ತಗದು ಕಳಸು" ಎಂದಳು. ನಾನು ಒಂದೊಂದೇ ಕಪಾಟಿನ ಫೋಟೋ ತೆಗೆದು ಕಳಿಸಿದೆ. ಅದರಲ್ಲಿ ಅವಳಿಗೆ ಗುರುತು ಸಿಕ್ಕಿದ್ದು ಒಂದೇ, ಸೂಪಿಗೆಂದು ಮಾರುವ ಸಿಪ್ಪೆ ತೆಗೆದು ಒಡೆದ ಹಳದಿ ಬಟಾಣಿ. ಇದು ಜರ್ಮನಿಯ ಸಾಮಾನ್ಯ ಅಂಗಡಿಯಲ್ಲೆಲ್ಲ ಅರ್ಧ ಕಿಲೋ ಪೊಟ್ಟಣದಲ್ಲಿ ಸಿಗುತ್ತದೆ. ಅದರ ಫೋಟೋ ನೋಡಿ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಂಗ ಗೊತ್ತದ" ಎಂದಳು.

ಗೊತ್ತಿದ್ದದ್ದು ಬೇಡದ ರೀತಿಯಲ್ಲಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಳದಿ ಬಟಾಣಿಯ ಮೇಲಿನ ಆಮದು ಸುಂಕವನ್ನು ತೆಗೆಯಿತು. ಕೆನಡಾ, ರಷ್ಯಾಗಳಿಂದ ಅಗ್ಗದ ಬಟಾಣಿ ಬರತೊಡಗಿದ ಮೇಲೆ ಕಡಲೆ, ತೊಗರಿ ಕೊಳ್ಳುವವರು ಅದರ ಕಡೆ ವಾಲಿದರು ಎನ್ನುವುದು ಕಲಬುರಗಿ ಜಿಲ್ಲೆಯ ರೈತರ ದೂರು. ಜೇವರ್ಗಿಯಲ್ಲಿರುವ ನಮ್ಮ ಅತ್ತಿಯ ಮನೆಯವರು ತೊಗರಿ ಬೆಳೆಯುವವರು. ಆ ಹಂಗಾಮಿನಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 7,550 ರೂಪಾಯಿ ಇತ್ತು. ಮಾವ ತಮ್ಮ ತೊಗರಿಯನ್ನು ಅದಕ್ಕಿಂತ ಕಡಿಮೆಗೆ ಮಾರಿ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವರ ಎದುರಿಗೆ ಬಟಾಣಿ ಬೇಳೆಯ ಹೆಸರೆತ್ತುವುದು ಸಾಧ್ಯವಿರಲಿಲ್ಲ. ಅಂಥದ್ದರಲ್ಲಿ ಅವ್ವ ಆಳಂದದ ಬಜಾರಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ಹೆಸರು ಹೇಳಿ, ಅರ್ಧ ಕಿಲೋ ಬಟಾಣಿ ಬೇಳೆ ಕೇಳಿ ತಂದಳು. ತಾನು ಮಾಡಿ ನೋಡದೆ ಬರೆಯುವುದು ಅವಳಿಗೆ ಸರಿಬರಲಿಲ್ಲ.

ಹೋಳಿಗೆಯನ್ನು ಕಡಲೆ ಬೇಳೆಯಲ್ಲೇ ಏಕೆ ಮಾಡುತ್ತಾರೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹಳೆ ಮೈಸೂರಿನ ಕಡೆ ತೊಗರಿ ಬೇಳೆಯ ಒಬ್ಬಟ್ಟು ಮಾಡುತ್ತಾರೆ. ತೊಗರಿಯ ಕಣಜ ಎನಿಸಿಕೊಂಡ, 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಗುರುತು ಪಡೆದ ಕಲಬುರಗಿಯಲ್ಲಿ ನಮ್ಮಂಥವರ ಮನೆಗಳಲ್ಲಿ ಹೂರಣಕ್ಕೆ ಕಡಲೆ ಬೇಳೆಯೇ ಬೇಕು. ಉತ್ತರ ಸಿಕ್ಕಿದ್ದು ಅವ್ವನ ಮೊದಲ ಪ್ರಯೋಗ ಕೆಟ್ಟಾಗ. ರೂಢಿಯಂತೆ ಅವಳು ಬಟಾಣಿ ಬೇಳೆಯನ್ನು ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸಿದಳು. ಮುಚ್ಚಳ ತೆಗೆದರೆ ಬೇಳೆಯೇ ಇರಲಿಲ್ಲ, ಹಳದಿ ಗಂಜಿ ಇತ್ತು. ಕಡಲೆ ಬೇಳೆ ಮೆತ್ತಗೆ ಬೆಂದರೂ ಅದರ ಆಕಾರ ಉಳಿಯುತ್ತದೆ. ಬಸಿದರೆ ಮೇಲಿನ ನೀರು ತೆಳ್ಳಗೆ ಬೇರೆಯಾಗುತ್ತದೆ, ಕೆಳಗೆ ಒಣ ಬೇಳೆ ಉಳಿಯುತ್ತದೆ. ಹೂರಣ ಗಟ್ಟಿಯಾಗುವುದು ಆ ಬಸಿಯುವ ಕೆಲಸದಿಂದ. ಬಟಾಣಿ ಹಾಗಲ್ಲ. ಬೆಂದ ಕೂಡಲೇ ಅಂಚಿನಿಂದ ಕರಗುತ್ತ ನೀರಿನಲ್ಲಿ ಸೇರಿಹೋಗುತ್ತದೆ. ಒಮ್ಮೆ ಸೇರಿತೆಂದರೆ ಆ ನೀರನ್ನು ಬೇರೆ ಮಾಡುವ ದಾರಿ ಇಲ್ಲ, ಒಲೆಯ ಮೇಲೆ ಬತ್ತಿಸಬೇಕು. ಬತ್ತಿಸುವಷ್ಟರಲ್ಲಿ ತಳ ಹಿಡಿಯುತ್ತದೆ.

ಎರಡನೆಯ ಸಲ ಅವ್ವ ಬೋಗಾಣಿಯಲ್ಲಿ ತೆರೆದೇ ಬೇಯಿಸಿದಳು. ಅದಕ್ಕೂ ಮೊದಲು ಬೇಳೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಹುರಿದಳು. ಬಣ್ಣ ಬದಲಾಗಬಾರದು, ವಾಸನೆ ಮಾತ್ರ ಬದಲಾಗಬೇಕು. ಮೊದಲ ಪ್ರಯೋಗದ ಗಂಜಿಗೆ ಹಸಿ ಬಳ್ಳಿಯ ವಾಸನೆ ಇತ್ತಂತೆ, ಏಲಕ್ಕಿ ಎಷ್ಟು ಹಾಕಿದರೂ ಅಡಗಲಿಲ್ಲವಂತೆ. ಬಟಾಣಿಯೊಳಗಿನ ಒಂದು ಕಿಣ್ವ ಅದರ ಎಣ್ಣೆಯಂಶದ ಮೇಲೆ ಕೆಲಸ ಮಾಡಿ ಆ ಹಸಿ ವಾಸನೆ ಹುಟ್ಟಿಸುತ್ತದೆ, ಬಿಸಿ ತಗುಲಿದರೆ ಕಿಣ್ವ ಸಾಯುತ್ತದೆ. ಇದು ನಾನು ಆಮೇಲೆ ಓದಿ ತಿಳಿದದ್ದು. ಅವ್ವನ ಚೀಟಿಯಲ್ಲಿ ಇರುವುದು ಇಷ್ಟು: "ಬ್ಯಾಳಿ ಮೊದಲು ಜರಾ ಹುರಿ. ಮೂಗಿಗೆ ಹಸಿ ಬರೋದು ನಿಂತರ ಸಾಕು." ಬಟ್ಟೆಯಲ್ಲಿ ಕಟ್ಟಿದ ಗಡಿಯಾರಕ್ಕಿಂತ ಮೂಗನ್ನು ನಂಬುವುದು ಅವಳ ಪದ್ಧತಿ. ನನಗೆ ಸುಮಾರು ಐದು ನಿಮಿಷ ಹಿಡಿಯಿತು.

ಬೇಯುವ ಹೊತ್ತಿನ ಸಾಲು ಇನ್ನೂ ಎಚ್ಚರದಿಂದ ಬರೆದದ್ದು: "ಆರು ವಾಟಿ ನೀರು ಕುದಿಸಿ ಬ್ಯಾಳಿ ಹಾಕು. ಉರಿ ಸಣ್ಣದು ಮಾಡು. ಅರ್ಧಾ ತಾಸಿನ ಮ್ಯಾಲ ಒಂದೊಂದು ಕಾಳು ತಗದು ಹಿಚುಕಿ ನೋಡು. ಬೆರಳಾಗ ಮೆತ್ತಗ ಆಗಬೇಕು, ಬೋಗಾಣ್ಯಾಗ ಇಡೀ ಕಾಣಬೇಕು. ಆವಾಗ ಇಳಸು." ಬೆರಳಿಗೆ ಮೆತ್ತಗೆ, ಕಣ್ಣಿಗೆ ಇಡಿಯಾಗಿ ಇರುವ ಸ್ಥಿತಿ ಬಟಾಣಿಯಲ್ಲಿ ಏಳೆಂಟು ನಿಮಿಷ ಮಾತ್ರ ಉಳಿಯುತ್ತದೆ. ಕಡಲೆ ಬೇಳೆಯಾದರೆ ಒಲೆಯ ಮೇಲೆ ಬಿಟ್ಟು ಅಂಗಳ ಗುಡಿಸಿ ಬರಬಹುದು. ಬಟಾಣಿಯ ಮುಂದೆ ನಿಂತಿರಲೇಬೇಕು.

ಅವ್ವನ ಒಲೆಯಲ್ಲಿ ಅದಕ್ಕೆ ಮೂವತ್ತೈದು ನಿಮಿಷ ಬೇಕಾಯಿತು. ನನ್ನಲ್ಲಿ ಐವತ್ತು. ಇದನ್ನು ಅವಳು ಮೊದಲೇ ಊಹಿಸಿದ್ದಳು. ವಿಡಿಯೋ ಕರೆಯಲ್ಲಿ ನನ್ನ ಅಡುಗೆಮನೆ ತೋರಿಸುವಾಗ ನೀರು ಕಾಯಿಸುವ ಕೆಟಲಿನ ಒಳಮೈ ಕಂಡಿತು. ಅದರ ತುಂಬ ಬಿಳಿ ಚಕ್ಕೆ ಕಟ್ಟಿತ್ತು. "ಅಲ್ಲಿಂದು ಬೋರಿನ ನೀರೇನ?" ಎಂದು ಕೇಳಿದಳು. ವುರ್ಜ್‌ಬುರ್ಗ್‌ನ ನಲ್ಲಿ ನೀರು ಬಹಳ ಗಡಸು, ಸುಣ್ಣದ ಅಂಶ ಹೆಚ್ಚು. ಅವ್ವನಿಗೆ ಇದು ಹೊಸ ವಿಷಯವಲ್ಲ. ಅವಳ ತವರು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ. ಮನೆಯ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಹಬ್ಬದ ಹಿಂದಿನ ದಿನ ಆಯಿ ಹೊಳೆಗೆ ಹೋಗಿ ಎರಡು ಕೊಡ ನೀರು ತಂದಿಡುತ್ತಿದ್ದಳು. ಆ ನೀರು ಕುಡಿಯಲು ಅಲ್ಲ, ಸ್ನಾನಕ್ಕೂ ಅಲ್ಲ, ಹೂರಣಕ್ಕೆ ಮಾತ್ರ. ಗಡಸು ನೀರಿನ ಸುಣ್ಣ ಕಾಳಿನ ಗೋಡೆಯಲ್ಲಿರುವ ಅಂಟಿನಂಥ ವಸ್ತುವಿಗೆ ಕಟ್ಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಕಾಳು ಮೆತ್ತಗಾಗುವುದು ಆ ಅಂಟು ಸಡಿಲವಾದಾಗ. ಅದಕ್ಕೇ ಅಂಥ ನೀರಿನಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ.

ಇದಕ್ಕೆ ಎಲ್ಲರಿಗೂ ತಿಳಿದಿರುವ ಉಪಾಯ ಚಿಟಿಕೆ ಸೋಡಾ. ಚೀಟಿಯಲ್ಲಿ ಅದನ್ನು ಅವ್ವ ಬರೆದು, ಮೇಲೆ ಅಡ್ಡಗೆರೆ ಎಳೆದಿದ್ದಾಳೆ. ಕಡಲೆ ಬೇಳೆಗಾದರೆ ನಡೆದೀತು. ಬಟಾಣಿಗೆ ಸೋಡಾ ಬಿದ್ದರೆ ಅದು ಮತ್ತೆ ಗಂಜಿ, ಜೊತೆಗೆ ಸಾಬೂನಿನಂಥ ರುಚಿ. ಅದರ ಬದಲು ಅವಳು ಬರೆದದ್ದು: "ನೀರು ಹತ್ತು ಮಿನಿಟ್ ಚೊಲೋ ಕುದಿಸು. ಆರಾಕ ಬಿಡು. ತಳಕ್ಕ ಬಿಳೀದು ಕುಂತ ಮ್ಯಾಲ ಮ್ಯಾಲಿಂದು ಬಗ್ಗಿಸಿಕೋ." ಗಡಸುತನದ ಒಂದು ಪಾಲು ಕುದಿಸಿದರೆ ಸುಣ್ಣವಾಗಿ ತಳಕ್ಕಿಳಿಯುವಂಥದ್ದು. ಇನ್ನೊಂದು ಪಾಲು ಹಾಗೆ ಹೋಗುವುದಿಲ್ಲ. ಆದ್ದರಿಂದ ಐವತ್ತು ನಿಮಿಷ ಮೂವತ್ತೈದಾಗಲಿಲ್ಲ. ಆದರೆ ಬೇಳೆ ಒಂದೇ ಸಮನಾಗಿ ಬೆಂದಿತು. ಹೊಳೆಯ ನೀರಿನ ಜಾಗದಲ್ಲಿ ಬಗ್ಗಿಸಿದ ನೀರು ಬಂತು.

ಸಿಹಿಯ ವಿಷಯದಲ್ಲಿ ಇನ್ನೊಂದು ತೊಡಕು. ಮೊದಲು ನಾನು ಕಂದು ಬಣ್ಣದ ಸಕ್ಕರೆಯ ಫೋಟೋ ಕಳಿಸಿದ್ದೆ. ಅವ್ವ "ಇದು ಬಣ್ಣಾ ಹಚ್ಚಿದ ಸಕ್ಕರಿ" ಎಂದು ತಳ್ಳಿಹಾಕಿದಳು. ಬಹುಮಟ್ಟಿಗೆ ಸರಿ. ಇಲ್ಲಿ ಕಂದು ಸಕ್ಕರೆಯೆಂದು ಸಿಗುವುದರಲ್ಲಿ ಹೆಚ್ಚಿನದು ಹರಳು ಸಕ್ಕರೆಗೆ ಪಾಕದ ಲೇಪ ಕೊಟ್ಟದ್ದು. ಆದರೆ ಅದೇ ಕಪಾಟಿನಲ್ಲಿ 'ಫೋಲ್‌ರೋರ್‌ತ್ಸುಕರ್' ಎಂಬ ಇನ್ನೊಂದು ಪೊಟ್ಟಣ ಇರುತ್ತದೆ. ಕಬ್ಬಿನ ಹಾಲನ್ನು ಕಾಯಿಸಿ ಒಣಗಿಸಿ ಪುಡಿ ಮಾಡಿದ್ದು, ಕಾಕಂಬಿ ಬೇರೆ ಮಾಡಿರುವುದಿಲ್ಲ. ದಕ್ಷಿಣ ಅಮೆರಿಕದಲ್ಲಿ ಪನೇಲಾ ಎನ್ನುವ ವಸ್ತುವಿನ ಪುಡಿರೂಪ ಅದು. ಅಂದರೆ ಬೆಲ್ಲದ ನೆಂಟ. ಅವ್ವ ಚೀಟಿಯಲ್ಲಿ ಅದರ ಹೆಸರನ್ನು "ಪೊಲ್ಲರೋರ ಸಕ್ಕರಿ" ಎಂದು ತಾನು ಕೇಳಿಸಿಕೊಂಡಂತೆ ಬರೆದಿದ್ದಾಳೆ.

ನೆಂಟನಾದರೂ ಬೆಲ್ಲವೇ ಅಲ್ಲ. ನಮ್ಮ ಮನೆಯಲ್ಲಿ ಒಂದು ವಾಟಿ ಬೇಳೆಗೆ ಒಂದು ವಾಟಿ ಪುಡಿ ಮಾಡಿದ ಬೆಲ್ಲ. ಬೆಲ್ಲದಲ್ಲಿ ನೀರಿನಂಶ ಇರುತ್ತದೆ, ಹರಳಾಗದ ಬಗೆಯ ಸಕ್ಕರೆಯೂ ಒಂದಿಷ್ಟು ಇರುತ್ತದೆ. ಹೂರಣ ಮರುದಿನವೂ ಮೆತ್ತಗಿರುವುದಕ್ಕೆ ಇವೆರಡೂ ಕಾರಣ. ಒಣಗಿಸಿದ ಪುಡಿಯಲ್ಲಿ ಇವು ಕಡಿಮೆ, ಹಾಗಾಗಿ ಅದು ಹೆಚ್ಚು ಸಿಹಿ, ಆರಿದ ಮೇಲೆ ಹೂರಣ ಬೇಗ ಬಿಗಿಯುತ್ತದೆ. ಅವ್ವನಿಗೆ ಆ ಪುಡಿಯ ರುಚಿ ನೋಡುವ ದಾರಿ ಇರಲಿಲ್ಲ. ಅವಳು ನನಗೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಏನನ್ನಿಸುತ್ತದೆ ಹೇಳು ಎಂದಳು. ಮರಳಿನ ಹಾಗೆ ಒಣಗಿದೆ, ತಕ್ಷಣ ಕರಗುತ್ತದೆ, ಬೆಲ್ಲಕ್ಕಿಂತ ಸಿಹಿ, ಉಪ್ಪಿನ ಛಾಯೆ ಇಲ್ಲ ಎಂದೆ. ಅವಳು ಮುಕ್ಕಾಲು ವಾಟಿ ಎಂದು ಬರೆದಳು. ಪಕ್ಕದಲ್ಲಿ, "ಉಪ್ಪು ಎರಡು ಹಳ್ಳು."

ವಾಟಿ ಎಂದರೆ ಎಷ್ಟು ಎಂಬುದು ಕೂಡ ಒಂದು ದಿನದ ಕೆಲಸವಾಯಿತು. ನಮ್ಮ ಮನೆಯ ಸ್ಟೀಲಿನ ವಾಟಿ ನನ್ನಲ್ಲಿಲ್ಲ. ನನ್ನಲ್ಲಿರುವುದು ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಅವ್ವ ವಾಟಿಯನ್ನು ಚೀಲದಲ್ಲಿ ಹಾಕಿಕೊಂಡು ಕಿರಾಣಿ ಅಂಗಡಿಗೆ ಹೋಗಿ, ಬೇಳೆ ತುಂಬಿ ಒಮ್ಮೆ, ಸಕ್ಕರೆ ತುಂಬಿ ಒಮ್ಮೆ, ಗೋಧಿ ಹಿಟ್ಟು ತುಂಬಿ ಒಮ್ಮೆ ತೂಗಿಸಿ ಬಂದಳು. ಒಂದೇ ವಾಟಿಯಲ್ಲಿ ಬೇಳೆಯ ತೂಕ ಬೇರೆ, ಹಿಟ್ಟಿನ ತೂಕ ಬೇರೆ ಎಂದು ನೋಡಿ ಅವಳಿಗೇ ಆಶ್ಚರ್ಯ. ಚೀಟಿಯಲ್ಲಿರುವ ಗ್ರಾಂ ಲೆಕ್ಕ ಆ ಅಂಗಡಿಯ ತಕ್ಕಡಿಯಿಂದ ಬಂದದ್ದು. 200 ಗ್ರಾಂ ಬಟಾಣಿ ಬೇಳೆ, 150 ಗ್ರಾಂ ಪುಡಿ, 300 ಗ್ರಾಂ ಹಿಟ್ಟು. ಅಳತೆಯಿಲ್ಲದೆ ಕೈಯಿಂದಲೇ ಮಾಡುವವರು ಎನ್ನುತ್ತೇವಲ್ಲ, ಅವರು ಅಳೆಯುವುದು ಕೈಯಲ್ಲಿ, ಅಷ್ಟೇ. ಬೇರೆಯವರ ಕೈಗೆ ಕೊಡುವಾಗ ತೂಕ ಬೇಕೆಂದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಪುಡಿ ಯಾವಾಗ ಹಾಕಬೇಕು ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಬೇಳೆ ಪೂರ್ತಿ ಬೆಂದು, ಬಸಿದು, ಜರಡಿಯಲ್ಲಿ ಅರ್ಧ ತಾಸು ಬಿಟ್ಟ ಮೇಲೆಯೇ. ಸಿಹಿ ಮೊದಲು ಬಿದ್ದರೆ ಕಾಳು ಅಲ್ಲಿಗೇ ನಿಲ್ಲುತ್ತದೆ, ಮುಂದೆ ಬೇಯುವುದಿಲ್ಲ. ಬಸಿದ ಬೇಳೆಯನ್ನು ಬಿಸಿಯಿರುವಾಗಲೇ ಚಮಚದ ಬೆನ್ನಿನಿಂದ ಜರಡಿಯಲ್ಲಿ ಉಜ್ಜಿ ನುಣ್ಣಗೆ ಮಾಡಿಕೊಳ್ಳಬೇಕು. ಊರಲ್ಲಿ ರುಬ್ಬುವ ಕಲ್ಲಿನ ಕೆಲಸ ಇದು. ಬಟಾಣಿಗೆ ಕಲ್ಲು ಬೇಕಿಲ್ಲ. ಆಮೇಲೆ ಪುಡಿ ಸೇರಿಸಿ ಒಲೆಗಿಟ್ಟರೆ ಹೂರಣ ಮೊದಲು ತೆಳ್ಳಗಾಗುತ್ತದೆ, ನೋಡಿದವರಿಗೆ ಎಲ್ಲ ಕೆಟ್ಟಿತು ಎನ್ನಿಸುತ್ತದೆ. ಕರಗಿದ ಸಿಹಿ ನೀರಾಗಿ ನಿಂತದ್ದು ಅದು. ತಿರುವುತ್ತ ಹೋದರೆ ಕಾಲು ತಾಸಿನಲ್ಲಿ ಗಟ್ಟಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯುವುದಕ್ಕೆ ಚೀಟಿಯಲ್ಲಿ ಹಳೆಯ ಪರೀಕ್ಷೆಯೇ ಇದೆ: "ಹೂರಣದಾಗ ಸೌಟು ನೆಟ್ಟಗ ನಿಂದ್ರಬೇಕು. ಬಿದ್ದರ ಇನ್ನಾ ಆಗಿಲ್ಲಂತ ತಿಳಿ."

ಬಟಾಣಿಯ ಹೂರಣದಲ್ಲಿ ಸೌಟು ಬಿತ್ತು. ಅವ್ವನ ಪ್ರಯೋಗದಲ್ಲೂ ಬಿದ್ದಿತ್ತು. ಇನ್ನಷ್ಟು ಬತ್ತಿಸಿದರೆ ನಿಲ್ಲುತ್ತದೆ, ಆದರೆ ಆರಿದ ಮೇಲೆ ಆ ಹೂರಣ ಕಲ್ಲಾಗುತ್ತದೆ, ಲಟ್ಟಿಸುವಾಗ ಹರಡದೆ ಕಣಕವನ್ನು ಹರಿಯುತ್ತದೆ. ಅವಳಿದ್ದರೆ ಪುಟಾಣಿ ಪುಡಿ ಹಾಕುತ್ತಿದ್ದಳು. ಪುಟಾಣಿ ಇಲ್ಲಿನ ಅಂಗಡಿಯಲ್ಲಿಲ್ಲ. ಈ ಜಾಗಕ್ಕೆ ಉತ್ತರ ಕೊಟ್ಟವಳು ಜೇವರ್ಗಿ ಅತ್ತಿ. "ರವಾ ಸಿಗ್ತದಿಲ್ಲೋ?" ಎಂದು ಅವಳೇ ಫೋನಿನಲ್ಲಿ ಕೇಳಿದಳಂತೆ. ರವೆ ಸಿಗುತ್ತದೆ, ಇಲ್ಲಿ ಮಕ್ಕಳ ಗಂಜಿಗೆಂದು ಎಲ್ಲ ಕಡೆ ಇಡುತ್ತಾರೆ. ಎರಡು ಚಮಚ ಹುರಿದ ರವೆ ಉದುರಿಸಿ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಅದು ಮಿಕ್ಕ ನೀರನ್ನು ಹೀರುತ್ತದೆ, ಹೂರಣ ಮೆತ್ತಗೇ ಉಳಿಯುತ್ತದೆ. ಚೀಟಿಯಲ್ಲಿ ಆ ಸಾಲಿನ ಮುಂದೆ "ಜೇವರ್ಗಿ" ಎಂದು ಬರೆದಿದೆ. ಕೊನೆಗೆ ಏಲಕ್ಕಿ, ಒಣಶುಂಠಿ, ಜಾಜಿಕಾಯಿ. ಜಾಜಿಕಾಯಿ ಜರ್ಮನಿಯ ಅಡುಗೆಮನೆಗಳಲ್ಲಿ ಆಲೂಗಡ್ಡೆಗೆ ಹಾಕುವ ಮಸಾಲೆ, ಸುಲಭವಾಗಿ ಸಿಗುತ್ತದೆ. ಬಟಾಣಿಯ ವಾಸನೆ ಏನಾದರೂ ಉಳಿದಿದ್ದರೆ ಅದನ್ನು ಮುಚ್ಚಲು ಅವ್ವ ಅದನ್ನೇ ಎರಡು ಪಟ್ಟು ಮಾಡಿದ್ದಾಳೆ.

ಕಣಕದ ಹಿಟ್ಟಿನ ಬಗ್ಗೆ ಅವಳಿಗೆ ಚೀಟಿಯಲ್ಲಿ ಬರೆಯಲು ಆಗಲಿಲ್ಲ, ಫೋನಿನಲ್ಲಿ ನೋಡಿಯೇ ಹೇಳಿದಳು. ಇಲ್ಲಿನ ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ 405, 550, 1050 ಎಂಬ ಸಂಖ್ಯೆ ಇರುತ್ತದೆ. ನೂರು ಗ್ರಾಂ ಹಿಟ್ಟನ್ನು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬುದರ ಲೆಕ್ಕ ಅದು. ಸಂಖ್ಯೆ ಹೆಚ್ಚಾದಷ್ಟು ತೌಡಿನ ಅಂಶ ಹೆಚ್ಚು. 405 ನಮ್ಮ ಮೈದಾದಂತೆ ಬಿಳಿ. ಕಣಕಕ್ಕೆ ಬೇಕಾದ್ದು ಎಳೆದರೆ ಹಿಗ್ಗುವ, ಹರಿಯದ ಹಿಟ್ಟು. ಊರಲ್ಲಿ ಗೋಧಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ತೌಡು ತೆಗೆಯುವುದು ಅದಕ್ಕೇ. ನಾನು 405 ಮತ್ತು 550 ಎರಡನ್ನೂ ಒಂದೊಂದು ಹಿಡಿ ನಾದಿ ಫೋನಿನ ಮುಂದೆ ಎಳೆದು ತೋರಿಸಿದೆ. 405ರದು ಎರಡು ಬೆರಳಗಲಕ್ಕೆ ತುಂಡಾಯಿತು. 550ರದು ಗೇಣಿನ ಹತ್ತಿರಕ್ಕೆ ಬಂತು. ಅವ್ವ ಅದನ್ನೇ ಆರಿಸಿದಳು.

ನೀರಿನ ಲೆಕ್ಕವೂ ಇಲ್ಲಿ ಬದಲಾಯಿತು. ಚಕ್ಕಿಯಲ್ಲಿ ಬೀಸಿದ ನಮ್ಮ ಹಿಟ್ಟು ಕಲ್ಲಿನ ಒತ್ತಡಕ್ಕೆ ಜಜ್ಜಿ ಹೋಗಿರುವುದರಿಂದ ನೀರು ಹೆಚ್ಚು ಕುಡಿಯುತ್ತದೆ. ಇಲ್ಲಿನ ಹಿಟ್ಟಿಗೆ ಅಷ್ಟೇ ನೀರು ಹಾಕಿದರೆ ಕೈಗೆ ಅಂಟಿ ಬರುತ್ತದೆ. 300 ಗ್ರಾಮಿಗೆ 180 ಮಿಲಿಲೀಟರ್ ನೀರು ಸಾಕಾಯಿತು. ಮೇಲೆ ಮೂರು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ ಮತ್ತೆ ನಾದಿ, ಎರಡು ತಾಸು ಮುಚ್ಚಿಟ್ಟೆ. ಆ ಎರಡು ತಾಸನ್ನು ಕಡಿಮೆ ಮಾಡುವಂತಿಲ್ಲ. ನಾದಿದ ಕೂಡಲೇ ಹಿಟ್ಟು ಬಿಗಿಯಾಗಿರುತ್ತದೆ, ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಒಳಗಿನ ಹೂರಣ ಒಂದು ಕಡೆ ಸರಿದು ಅಂಚು ಒಡೆಯುತ್ತದೆ. ಕಿವಿಯ ಹಾಲೆಯನ್ನು ಮುಟ್ಟಿ ನೋಡಿಕೊಂಡು ಕಣಕ ಅಷ್ಟು ಮೆತ್ತಗಾಗಿದೆಯೇ ಎಂದು ಹೋಲಿಸಬೇಕು.

ಕಡಲೆ ಬೇಳೆಯ ಹೋಳಿಗೆಗೆ ಅವ್ವ ಕಣಕದ ಒಂದೂವರೆ ಪಟ್ಟು ಹೂರಣ ತುಂಬುತ್ತಾಳೆ. ಬಟಾಣಿಗೆ ಸಮ ಸಮ ಎಂದು ಬರೆದಿದ್ದಾಳೆ. ನಲವತ್ತು ಗ್ರಾಂ ಕಣಕಕ್ಕೆ ನಲವತ್ತು ಗ್ರಾಂ ಹೂರಣ. ಹಾಗೆ ಲೆಕ್ಕ ಹಾಕಿದರೆ ಹದಿಮೂರು ಹೋಳಿಗೆ ಆಗಬೇಕು, ಹದಿಮೂರೇ ಆದವು. "ಮೊದಲಿನ ಮೂರು ಕೆಡ್ತಾವ. ಹೆದರಬ್ಯಾಡ" ಎಂಬ ಸಾಲಿನಲ್ಲಿ ಹೋಳಿಗೆಯ ಮಾತಿಗಿಂತ ವಿದ್ಯುತ್ ಒಲೆಯ ಮಾತು ಹೆಚ್ಚು. ಗ್ಯಾಸಿನಲ್ಲಿ ಉರಿ ತಗ್ಗಿಸಿದರೆ ಹಂಚು ಕೂಡಲೇ ತಣ್ಣಗಾಗುತ್ತದೆ. ಇಲ್ಲಿನ ಒಲೆಯ ತಟ್ಟೆ ಗುಂಡಿ ತಿರುಗಿಸಿದ ಮೇಲೂ ಹಲವು ನಿಮಿಷ ಕಾದೇ ಇರುತ್ತದೆ. ಮೊದಲ ಮೂರಕ್ಕೆ ಕಪ್ಪು ಮಚ್ಚೆ ಬಿದ್ದ ಮೇಲೆ ಹದ ಸಿಕ್ಕಿತು: ಉರಿಯನ್ನು ಬೇಕಾದದ್ದಕ್ಕಿಂತ ಒಂದು ಅಂಕಿ ಕೆಳಗೆ ಇಟ್ಟು, ಬಿಸಿ ಹೆಚ್ಚಾಯಿತೆನಿಸಿದಾಗ ಗುಂಡಿ ಮುಟ್ಟದೆ ಬಾಣಲೆಯನ್ನೇ ಎತ್ತಿ ಪಕ್ಕಕ್ಕಿಡುವುದು.

ಉಳಿದ ಹತ್ತು ಹೋಳಿಗೆ ಹೇಗಿದ್ದವು? ಮೆತ್ತಗಿದ್ದವು, ಒಡೆದಿರಲಿಲ್ಲ, ಬಣ್ಣ ಊರಿನದಕ್ಕಿಂತ ತುಸು ಕಪ್ಪು. ಕಡಲೆ ಬೇಳೆಯ ಹೂರಣಕ್ಕೆ ನಾಲಿಗೆಯ ಮೇಲೆ ಒಂದು ಮರಳುತನ ಇರುತ್ತದೆ, ಅದು ಇದರಲ್ಲಿ ಇಲ್ಲ. ಬಟಾಣಿ ಬೆಣ್ಣೆಯಂತೆ ನುಣುಪು. ಜಾಜಿಕಾಯಿ ಮುಂದೆ ಬಂದು ನಿಂತಿತ್ತು. ಎರಡನೆಯ ದಿನ ಅಂಚು ಗಟ್ಟಿಯಾಯಿತು, ಮೂರನೆಯ ದಿನಕ್ಕೆ ತಿನ್ನುವಂತಿರಲಿಲ್ಲ. ಊರಿನದು ನಾಲ್ಕು ದಿನ ಬಾಳುತ್ತದೆ. ಇದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವ್ವ ಚೀಟಿಯ ಫೋಟೋ ಮತ್ತೆ ಕಳಿಸಿದಳು, ಅದರಲ್ಲಿ ಹೊಸ ಸಾಲು ಸೇರಿತ್ತು: "ಎರಡು ದಿನದಾಗ ತಿಂದು ಮುಗಸು. ಇಡಬ್ಯಾಡ."

ಅವಳ ಪ್ರಯೋಗದ ಬಟಾಣಿ ಹೋಳಿಗೆಯನ್ನು ಮನೆಯಲ್ಲಿ ಯಾರಿಗೂ ಹೇಳದೆ ಬಡಿಸಿದ್ದಳಂತೆ. ಜೇವರ್ಗಿಯಿಂದ ಬಂದಿದ್ದ ಮಾವ ಎರಡು ತಿಂದು, ಹೂರಣ ಭಾಳ ನುಣ್ಣಗಾಗಿದೆ, ಬೇಳೆ ಯಾವ ಅಂಗಡಿಯದು ಎಂದು ಕೇಳಿದರು. ಅವ್ವ ಸುಳ್ಳು ಹೇಳುವವಳಲ್ಲ. ಬಟಾಣಿ ಎಂದಳು. ಮಾವ ಸ್ವಲ್ಪ ಹೊತ್ತು ತಾಟಿನ ಕಡೆ ನೋಡಿ, "ತಿನ್ನಾಕ ಚೊಲೋ ಅದ ಅಂತನೇ ನಮ್ಮ ತೊಗರಿಗಿ ರೇಟ್ ಇಲ್ಲ" ಎಂದರಂತೆ. ಮೂರನೆಯದನ್ನು ಹಾಕಿಸಿಕೊಳ್ಳಲಿಲ್ಲ. ನನಗೆ ಇದನ್ನು ಹೇಳುವಾಗ ಅವ್ವನ ದನಿ ತಗ್ಗಿತ್ತು. ಮಗಳ ಹಬ್ಬಕ್ಕೆ ಅನುಕೂಲವಾದ ಕಾಳು ಮನೆಯ ಇನ್ನೊಬ್ಬರ ಬೆಳೆಗೆ ಎದುರಾಳಿ ಎಂಬುದು ಅವಳಿಗೆ ಬಜಾರಿಗೆ ಹೋಗುವಾಗಲೇ ಗೊತ್ತಿತ್ತು. ಉಳಿದ ಬಟಾಣಿಯನ್ನು ಅವಳು ಮತ್ತೆ ಅಡುಗೆಗೆ ಬಳಸಿಲ್ಲ, ಮನೆಗೆ ಈಗಲೂ ಕಡಲೆ ಬೇಳೆಯನ್ನೇ ಅಂಗೈ ಮೇಲೆ ಹರಡಿ ನೋಡಿ ತರುತ್ತಾಳೆ.

ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ, ಅದರಲ್ಲಿ ಅಡುಗೆಯ ಭಾಗವೂ ಇದೆ. ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಪಾಕದ ಬರಹಕ್ಕೆ ನಮ್ಮಲ್ಲಿ ಹಿರಿಯ ವಂಶವಿದೆ. ಆದರೆ ಅವು ಬೇಕಾದದ್ದೆಲ್ಲ ಇರುವ ಮನೆಯ ಪುಸ್ತಕಗಳು. ಏನು ಇಲ್ಲ ಎಂಬುದರಿಂದ ಶುರುವಾಗುವ ಪಾಕ ಬೇರೆ ಜಾತಿಯದು. ಅದನ್ನು ಬರೆಯುವವರು ಪ್ರತಿ ವಸ್ತುವಿಗೂ ಅದು ಅಲ್ಲಿ ಯಾವ ಕೆಲಸಕ್ಕೆ ಇದೆ ಎಂದು ತಿಳಿದಿರಬೇಕು. ಬೆಲ್ಲ ಸಿಹಿಗೆ ಮಾತ್ರವೋ, ಮೆತ್ತಗಿಡಲಿಕ್ಕೋ? ಬೇಳೆ ರುಚಿಗೋ, ನೀರು ಬಿಟ್ಟುಕೊಡಲಿಕ್ಕೋ? ಕೆಲಸ ತಿಳಿದರೆ ಬದಲಿ ಹುಡುಕಬಹುದು.

ಬದಲಿ ಇಲ್ಲದ ಒಂದು ಜಾಗವನ್ನೂ ಅವ್ವ ಬರೆದಿದ್ದಾಳೆ. ನಮ್ಮಲ್ಲಿ ಹೋಳಿಗೆ ಮಾಡಿದ ದಿನ ಕಡಲೆ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುತ್ತಾರೆ. ಅದಕ್ಕೆ ತುಸು ಹೂರಣ, ಹುಣಸೆ ಹುಳಿ, ಹುರಿದು ಅರೆದ ಒಣ ಕೊಬ್ಬರಿ, ಮಸಾಲೆ ಖಾರ ಬೀಳುತ್ತದೆ. ಹೋಳಿಗೆ ತಿಂದು ಬಾಯಿ ಕಟ್ಟಿದಾಗ ಅನ್ನಕ್ಕೆ ಆ ತೆಳ್ಳನೆ ಸಾರು ಬೇಕೇ ಬೇಕು. ಬಟಾಣಿ ಬಸಿದ ನೀರಿನಲ್ಲಿ ನಾನು ಅದನ್ನು ಮಾಡಬಹುದೆಂದುಕೊಂಡಿದ್ದೆ, ಪಾತ್ರೆ ತೆಗೆದೂ ಇಟ್ಟಿದ್ದೆ. ಆ ನೀರು ಆರುತ್ತ ಅಂಟಂಟಾಗಿ ಗಟ್ಟಿಯಾಯಿತು, ಚಮಚ ಎತ್ತಿದರೆ ಎಳೆ ಬಂತು. ಚೀಟಿಯ ಹದಿನಾರನೆಯ ಸಾಲು ಮತ್ತೆ ಓದಿದೆ: "ಕಟ್ಟಿನ ಸಾರು ಇದರಾಗ ಆಗಂಗಿಲ್ಲ. ಮಾಡಬ್ಯಾಡ." ನೀರನ್ನು ಸಿಂಕಿಗೆ ಸುರಿದು, ಅನ್ನಕ್ಕೆ ಮೊಸರು ಕಲಸಿಕೊಂಡು ಊಟ ಮಾಡಿದೆ.